ಅವರೆಕಾಯಿ ಸೀನು ಮತ್ತು ಚಿಕ್ಕಮ್ಮನ ಹಳೇ ಫ್ರಿಜ್ಜು

ಸಿನಿಮಾದಲ್ಲಿ ಈ ಸೀನು ಇರುವುದು ಎರಡು ನಿಮಿಷ ನಲವತ್ತು ಸೆಕೆಂಡು. ಅಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಾಳೆ. ಸಣ್ಣ ಉರಿಯಲ್ಲಿ ಹಾಲಿದೆ. ಫೋನ್ ಬರುತ್ತದೆ, ಮಗ ಹೋಗಿಬಿಟ್ಟ ಸುದ್ದಿ. ಆ ಕಡೆಯವರ ದನಿ ನಮಗೆ ಕೇಳುವುದಿಲ್ಲ. ಆಕೆ ಮೂರು ಸಲ "ಹೂಂ" ಅನ್ನುತ್ತಾಳೆ, ಫೋನ್ ಕೆಳಗಿಡುತ್ತಾಳೆ, ಮತ್ತೆ ಕಾಯಿ ಸುಲಿಯುತ್ತಾಳೆ. ಅಷ್ಟೇ.

ಈ ಸೀನಿಗೆ ಮೂರು ಸಲ ಸೌಂಡ್ ಮಿಕ್ಸ್ ಮಾಡಿದೆ. ಮೊದಲ ಎರಡು ಸಲ ಸೋತೆ. ಮೂರನೆಯದನ್ನು ಹೇಳಿದಾಗ ಇಡೀ ಟೀಮು ನಕ್ಕಿತು.

ಮೊದಲನೆಯದು ಎಲ್ಲರೂ ಮಾಡುವಂಥದ್ದು. ಎರಡನೇ "ಹೂಂ"ಗೆ ಕೊಳಲು, ಫೋನ್ ಇಟ್ಟ ಕೂಡಲೇ ನಾಲ್ಕು ಪಿಟೀಲು. ಆರ್‌ಆರ್, ಅಂದರೆ ಹಿನ್ನೆಲೆ ಸಂಗೀತ, ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ವಾದ್ಯದವರಿಗೆ, ಸ್ಟುಡಿಯೋಗೆ ಸೇರಿ ಸುಮಾರು ನಲವತ್ತು ಸಾವಿರ ಆಗಿರಬೇಕು. ಟ್ರಯಲ್ ಶೋನಲ್ಲಿ ನಾನು ಪಕ್ಕದ ಗೋಡೆಗೆ ಒರಗಿ ನಿಂತು ಪರದೆ ಬಿಟ್ಟು ಜನರನ್ನೇ ನೋಡುತ್ತಿದ್ದೆ. ಅದು ನನ್ನ ಅಭ್ಯಾಸ. ಪಿಟೀಲು ಶುರುವಾಗಿ ಹತ್ತು ಸೆಕೆಂಡಿಗೆ ಆರೇಳು ಮೊಬೈಲ್ ಹೊತ್ತಿಕೊಂಡವು. ಆ ಅಮ್ಮನಿಗೆ ಸುದ್ದಿ ಇನ್ನೂ ಒಳಗೆ ಇಳಿದಿಲ್ಲ, ಅಷ್ಟರಲ್ಲಿ ಪಿಟೀಲು ಅತ್ತು ಮುಗಿಸಿತ್ತು. ಜನಕ್ಕೆ ಅಳಲು ಏನು ಉಳಿಯಿತು?

ಎರಡನೇ ಸಲ ಜಾಣತನ ಮಾಡಲು ಹೋದೆ. ಫೋನ್ ಕೆಳಗಿಟ್ಟ ಕ್ಷಣದಿಂದ ಎಲ್ಲ ಟ್ರ್ಯಾಕ್ ಮ್ಯೂಟ್. ಖಾಲಿ ಕೋಣೆಯಲ್ಲೂ ಇರುವ ಸಣ್ಣ ಸದ್ದು, ರೂಮ್ ಟೋನ್ ಕೂಡ ಇಲ್ಲ. ಮಿಕ್ಸಿಂಗ್ ರೂಮಿನಲ್ಲಿ ನನಗೇ ಮೈ ಜುಮ್ಮೆಂದಿತು. ಥಿಯೇಟರಿನಲ್ಲಿ ನಾಲ್ಕನೇ ಸೆಕೆಂಡಿಗೆ ಹಿಂದಿನಿಂದ ಸಿಳ್ಳೆ. "ಸೌಂಡು, ಸೌಂಡು" ಅಂತ ಯಾರೋ ಕೂಗಿದರು. ಅರ್ಧ ಜನ ಪ್ರೊಜೆಕ್ಟರ್ ಕಡೆ ತಿರುಗಿದರು. ಸ್ಪೀಕರಿನಿಂದ ಏನೂ ಬಾರದಿದ್ದರೆ ಥಿಯೇಟರ್ ಮೌನವಾಗುವುದಿಲ್ಲ. ಎಸಿ ಗುಂಯ್ ಅನ್ನುತ್ತದೆ, ಪಾಪ್‌ಕಾರ್ನ್ ಕವರ್ ಪರಪರ ಅನ್ನುತ್ತದೆ, ಯಾರೋ ಕೆಮ್ಮುತ್ತಾರೆ. ಅಡುಗೆಮನೆಯಲ್ಲಿದ್ದ ಜನ ಎದ್ದು ಬಂದು ತಮ್ಮ ತಮ್ಮ ಸೀಟಿನಲ್ಲಿ ಕೂತುಬಿಡುತ್ತಾರೆ. ಆ ಸಲ ಮಿಕ್ಸಿಂಗ್ ಶಿಫ್ಟಿನ ದುಡ್ಡು, ಸುಮಾರು ಇಪ್ಪತ್ತೈದು ಸಾವಿರ, ನನ್ನ ಪೇಮೆಂಟಿನಲ್ಲೇ ಹಿಡಿದುಕೊಂಡರು.

ದಾರಿ ಸಿಕ್ಕಿದ್ದು ತಿಪಟೂರಿನಲ್ಲಿ, ಚಿಕ್ಕಮ್ಮನ ಮನೆಯಲ್ಲಿ. ಮಧ್ಯಾಹ್ನ ಊಟ ಮಾಡಿ ಮಲಗಿದ್ದೆ. ಅವರ ಹಳೇ ಫ್ರಿಜ್ಜು ನಡುಗಿ, ಠಕ್ ಅಂದು, ನಿಂತಿತು. ಇಷ್ಟು ಹೊತ್ತು ಅದು ಸದ್ದು ಮಾಡುತ್ತಿತ್ತು ಅಂತ ನನಗೆ ಗೊತ್ತಾಗಿದ್ದೇ ಆಗ. ಮನೆ ಒಂದು ಸುತ್ತು ದೊಡ್ಡದಾದ ಹಾಗಾಯಿತು. ಎದ್ದು ಕೂತೆ.

ಅದೇ ಸಂಜೆ ಚಿಕ್ಕಮ್ಮನ ಬೈಗುಳ ಕೇಳುತ್ತಾ ಫ್ರಿಜ್ಜಿನ ಹಿಂದೆ ಮೈಕ್ ಇಟ್ಟೆ. ಆಮೇಲೆ ಆಸೆಗೆ ಬಿದ್ದು ಬೆಂಗಳೂರಿನಲ್ಲಿ ನಾಲ್ಕು ಮನೆಯ ಹೊಸ ಫ್ರಿಜ್ಜುಗಳನ್ನೂ ರೆಕಾರ್ಡ್ ಮಾಡಿದೆ. ಒಂದೂ ಉಪಯೋಗಕ್ಕೆ ಬರಲಿಲ್ಲ. ಇನ್ವರ್ಟರ್ ಫ್ರಿಜ್ಜುಗಳು ಹಾಗೆ ನಡುಗಿ ನಿಲ್ಲುವುದೇ ಇಲ್ಲ. ಹೆಚ್ಚು ಹೊತ್ತು ನಿಧಾನಕ್ಕೆ ಓಡುತ್ತಲೇ ಇರುತ್ತವೆ.

ಮೂರನೇ ಮಿಕ್ಸು ಹೀಗಾಯಿತು. ಫ್ರಿಜ್ಜಿನ ಸದ್ದನ್ನು ಈ ಸೀನಿನಲ್ಲಿ ಶುರು ಮಾಡಲಿಲ್ಲ. ಇದಕ್ಕೂ ಎರಡು ಸೀನು ಮುಂಚೆ, ಅಮ್ಮ ಮಗನಿಗೆ ಡಬ್ಬಿ ಕಟ್ಟುವಾಗಲೇ ಅದೇ ಅಡುಗೆಮನೆಯಲ್ಲಿ ಹಾಕಿದೆ. ಕಿವಿಗೆ ಅಭ್ಯಾಸ ಆಗಬೇಕಲ್ವಾ? ಫೋನ್ ಬರುವ ಹೊತ್ತಿಗೆ ಯಾರಿಗೂ ಅದು ಕೇಳುತ್ತಿರುವುದಿಲ್ಲ. ಆಕೆ ಮಾತಾಡುವಾಗ ಅದನ್ನು ಮೂರು ಡೆಸಿಬೆಲ್‌ನಷ್ಟು ಏರಿಸಿದೆ, ಬಹಳ ನಿಧಾನವಾಗಿ. ಮೂರನೇ "ಹೂಂ" ಆದಮೇಲೆ ಒಂದು ಉಸಿರಿನಷ್ಟು ಬಿಟ್ಟು ಫ್ರಿಜ್ಜು ಠಕ್ ಅಂತ ನಿಲ್ಲುತ್ತದೆ. ಗ್ಯಾಸಿನ ಸುಯ್ ಅನ್ನುವ ಸದ್ದು ಮಾತ್ರ ಉಳಿಯುತ್ತದೆ. ಆಕೆ ಕೈ ಚಾಚಿ ಅದನ್ನೂ ಆರಿಸುತ್ತಾಳೆ. ಈಗ ದೂರದ ಒಂದು ಕಾಗೆ, ಬೀದಿಯ ತೆಳು ಗಾಳಿ, ಮತ್ತೆ ಸ್ಟೀಲ್ ಬೋಗುಣಿಗೆ ಬೀಳುವ ಕಾಳು. ಟಣ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು, ಟಣ್.

ಮೌನ ಅಂದರೆ ಸದ್ದನ್ನು ಎಷ್ಟು ಇಳಿಸಿದೆ ಅನ್ನುವುದಲ್ಲ, ಎಲ್ಲಿಂದ ಇಳಿಸಿದೆ ಅನ್ನುವುದು. ಫ್ರಿಜ್ಜು ಮೈನಸ್ ನಲವತ್ತು ಡೆಸಿಬೆಲ್ ಆಸುಪಾಸು ಇತ್ತು, ಉಳಿದ ಗಾಳಿ ಮೈನಸ್ ಐವತ್ತೈದರ ಹತ್ತಿರ. ಇನ್ನೂ ಕೆಳಗೆ ಹೋದರೆ ಎಸಿ ಅದನ್ನು ನುಂಗುತ್ತದೆ. ನಾವು ಥಿಯೇಟರ್ ವಾಲ್ಯೂಮಿನ ಫೇಡರ್ ಏಳರಲ್ಲಿಟ್ಟು ಮಿಕ್ಸ್ ಮಾಡಿದರೂ ಊರುಗಳಲ್ಲಿ ಐದರಲ್ಲಿ ಓಡಿಸುತ್ತಾರೆ. ಅಲ್ಲಿಗೆ ಆರೇಳು ಡೆಸಿಬೆಲ್ ಹೋಯಿತು. ಅದಕ್ಕೇ ಕೊನೆಯ ಚೆಕ್ಕನ್ನು ನಾನು ಐದರಲ್ಲೇ ಮಾಡುತ್ತೇನೆ.

ಫೋಲಿಯಲ್ಲಿ, ಅಂದರೆ ಸೀನಿನ ಸದ್ದುಗಳನ್ನು ಸ್ಟುಡಿಯೋದಲ್ಲಿ ಕೈಯಾರೆ ಮಾಡಿ ರೆಕಾರ್ಡ್ ಮಾಡುವಾಗ, ಸ್ವಲ್ಪ ತಮಾಷೆ ಆಯಿತು. ಆಗ ಮೇ ತಿಂಗಳು, ಸೊಗಡಿನ ಅವರೆ ಎಲ್ಲಿಂದ ತರೋದು? ಹಸಿ ಬಟಾಣಿ ತಂದೆವು, ಕೆಜಿಗೆ ನೂರೈವತ್ತಕ್ಕೂ ಜಾಸ್ತಿ. ಸಿಪ್ಪೆ ಒಡೆಯುವ ಸದ್ದು ಸರಿ ಬಂತು, ಆದರೆ ಕಾಳು ಹಗುರ, ಟಣ್ ಅನ್ನುವುದಿಲ್ಲ. ಅದಕ್ಕೆ ಒಣ ಅವರೆಕಾಳು ರಾತ್ರಿಯಿಡೀ ನೆನೆಸಿ ಬೋಗುಣಿಗೆ ಹಾಕಿದೆವು. ಒಡೆಯುವುದು ಬಟಾಣಿ, ಬೀಳುವುದು ಅವರೆ. ಕಾಳುಗಳ ನಡುವೆ ಎಷ್ಟು ಗ್ಯಾಪ್ ಇಟ್ಟೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಸಮ ಇಲ್ಲ, ಅಷ್ಟು ತಿಳಿದುಕೊಳ್ಳಿ.

ಮ್ಯೂಸಿಕ್ ಬೇಡ ಅಂತ ನಾನು ಹೇಳಲೇ ಇಲ್ಲ. ಆದರೂ ಸಂಗೀತ ನಿರ್ದೇಶಕರು ಒಂದು ವಾರ ಮುನಿಸಿಕೊಂಡರು. ಪ್ರೊಡ್ಯೂಸರ್ ಅಂತೂ "ಪಿಟೀಲಿಗೆ ದುಡ್ಡು ಕೊಟ್ಟಿದ್ದು ನಾನು, ಕೇಳಿಸ್ತಿರೋದು ಫ್ರಿಜ್ಜಾ?" ಅಂದರು. ನಾನು ಕೇಳಿದ್ದು ಒಂದೇ ಒಂದು ಚೆಲ್ಲೋ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಆ ಫ್ರಿಜ್ಜಿನ ಗುಂಯ್ ನೂರು ಹರ್ಟ್ಸ್. ಚೆಲ್ಲೋದ ಕೆಳಗಿನ ಜಿ ಸ್ವರ 98. ಮೂವತ್ತೈದು ಸೆಂಟಿನಷ್ಟು, ಅಂದರೆ ಅರ್ಧ ಸ್ವರದ ಸುಮಾರು ಮೂರನೇ ಒಂದು ಭಾಗದಷ್ಟು ಮೇಲಕ್ಕೆ ಶ್ರುತಿ ಮಾಡಿಕೊಂಡರೆ ಎರಡೂ ಒಂದೇ. ಮೌನ ಸುಮಾರು ನಲವತ್ತು ಸೆಕೆಂಡು ನಡೆದಮೇಲೆ ಫ್ರಿಜ್ಜು ಮತ್ತೆ ಶುರುವಾಗುತ್ತದೆ. ಅದರ ಹೊಟ್ಟೆಯೊಳಗಿಂದ ಚೆಲ್ಲೋ ಬರುತ್ತದೆ. ಮ್ಯೂಸಿಕ್ ಎಲ್ಲಿ ಶುರುವಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾದರೆ, ನಮ್ಮನ್ನು ಅಳುವಂತೆ ಮಾಡಲು ಬಂದಿದ್ದಾರೆ ಅಂತ ಜನ ಹುಷಾರಾಗುತ್ತಾರೆ. ಶ್ರುತಿ ಒಂಚೂರು ತಪ್ಪಿದ್ದರೂ ಎರಡು ಸ್ವರ ಸೇರಿ ಅಲೆ ಅಲೆಯಾಗಿ ನಡುಗುತ್ತವೆ. ಮೊದಲ ಟೇಕಿನಲ್ಲಿ ಹಾಗೇ ಆಗಿ ಮತ್ತೆ ನುಡಿಸಬೇಕಾಯಿತು.

ನಡುವೆ ಒಂದು ಹುಚ್ಚೂ ಮಾಡಿದೆ. ಕಿವಿಗೆ ಕೇಳದ, ಇಪ್ಪತ್ತು ಹರ್ಟ್ಸಿಗಿಂತ ಕೆಳಗಿನ ಸದ್ದು ಹಾಕಿದರೆ ಎದೆ ಭಾರ ಆಗುತ್ತದೆ ಅಂತ ಯಾರೋ ಹೇಳಿದ್ದರು. ಸಬ್ ವೂಫರಿನಿಂದ ಅದು ಸರಿಯಾಗಿ ಹೊರಗೆ ಬರಲಿಲ್ಲ. ಬಾಗಿಲ ಮೇಲಿನ ಎಕ್ಸಿಟ್ ಬೋರ್ಡು ಮಾತ್ರ ಗಡಗಡ ಅಂದಿತು. ತೆಗೆದುಹಾಕಿದೆ.

ಮೂರನೇ ಟ್ರಯಲಿನಲ್ಲೂ ಗೋಡೆಗೆ ಒರಗಿ ನಿಂತೆ. ಫ್ರಿಜ್ಜು ನಿಂತಾಗ ಪಾಪ್‌ಕಾರ್ನ್ ಕವರುಗಳೂ ನಿಂತವು. ಹೊತ್ತಿಕೊಂಡಿದ್ದು ಒಂದೇ ಮೊಬೈಲು, ಪ್ರೊಡ್ಯೂಸರದ್ದು. ಐದನೇ ಕಾಳಿಗೋ ಆರನೇ ಕಾಳಿಗೋ ಮುಂದಿನ ಸಾಲಿನ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡರು. ಚೆಲ್ಲೋ ಬರಲು ಇನ್ನೂ ಇಪ್ಪತ್ತು ಸೆಕೆಂಡು ಬಾಕಿ ಇತ್ತು.

ಮೊಬೈಲಿನಲ್ಲಿ ನೋಡುವವರಿಗೆ ಇದು ಅಷ್ಟು ಕೆಲಸ ಮಾಡುವುದಿಲ್ಲ. ಅಷ್ಟು ಸಣ್ಣ ಸ್ಪೀಕರಿನಲ್ಲಿ ನೂರು ಹರ್ಟ್ಸ್ ಬರುವುದೇ ಇಲ್ಲ. ಬಾರದ ಫ್ರಿಜ್ಜು ನಿಂತರೆಷ್ಟು ಬಿಟ್ಟರೆಷ್ಟು! ಓಟಿಟಿ ಮಿಕ್ಸಿನಲ್ಲಿ ಇನ್ನೂರು, ಮುನ್ನೂರು ಹರ್ಟ್ಸಿನ, ಅಂದರೆ ನೂರರ ಎರಡು, ಮೂರು ಪಟ್ಟಿನ ಹಾರ್ಮೋನಿಕ್ ಸೇರಿಸಿ ಸದ್ದನ್ನು ಸ್ವಲ್ಪ ಒರಟು ಮಾಡಿದೆ. ಚಿಕ್ಕಮ್ಮ ಅದನ್ನು ಮೊಬೈಲಿನಲ್ಲೇ ನೋಡಿ ಫೋನ್ ಮಾಡಿದರು. "ಸಿನಿಮಾ ಚೆನ್ನಾಗಿದೆ ಕಣೋ, ಆದ್ರೆ ಆ ಮನೆಯವರ ಫ್ರಿಜ್ಜು ಹಾಳಾಗಿರೋ ಹಾಗಿದೆ."

ಅವರದೇ ಫ್ರಿಜ್ಜು ಅಂತ ನಾನಿನ್ನೂ ಹೇಳಿಲ್ಲ.