ಫೋಟೊದಲ್ಲಿ ಗುಳಿ ಕಂಡರೆ ನಾನು ಪರೀಕ್ಷಿಸುವ ಬಗೆ

ಸ್ತನದ ಫೋಟೊ ಒಂದು ಬರುತ್ತದೆ, ಜೊತೆಗೆ ಒಂದು ಸಾಲು: ‘ಇಲ್ಲಿ ಸ್ವಲ್ಪ ಒಳಗೆ ಹೋದಂತಿದೆ, ಏನೂ ಇಲ್ಲ ತಾನೆ?’ ಫೋಟೊದಿಂದ ನನಗೆ ಸಿಗುವುದು ಎಷ್ಟು ಬೇಗ ನೋಡಬೇಕು ಎಂಬ ಅಂದಾಜು ಮಾತ್ರ. ‘ಏನೂ ಇಲ್ಲ’ ಎಂಬ ಉತ್ತರ ಅದರಿಂದ ಬರುವುದಿಲ್ಲ. ಗುಳಿ ಕಾಣಿಸುತ್ತಿಲ್ಲ ಎಂದರೂ ಬರುವುದಿಲ್ಲ.

ಗುಳಿ ಹೇಗೆ ಬೀಳುತ್ತದೆ ಎಂದು ತಿಳಿದರೆ ಇದಕ್ಕೆ ಕಾರಣ ಗೊತ್ತಾಗುತ್ತದೆ. ಸ್ತನದೊಳಗೆ ಚರ್ಮದಿಂದ ಆಳದ ಪೊರೆಯವರೆಗೆ ತೆಳುವಾದ ನಾರಿನ ಎಳೆಗಳು ಹಾದುಹೋಗುತ್ತವೆ. ವೈದ್ಯರು ಇವನ್ನು ಕೂಪರ್ ಲಿಗಮೆಂಟ್ ಎನ್ನುತ್ತಾರೆ. ಹತ್ತಿ ಹಾಸಿಗೆಗೆ ಮೇಲಿನಿಂದ ಕೆಳಗೆ ಅಲ್ಲಲ್ಲಿ ದಾರ ಹಾಕಿ ಬಿಗಿದಿರುತ್ತಾರಲ್ಲ, ಹಾಗೆ. ಗೆಡ್ಡೆಯೊಂದು ಈ ಎಳೆಯನ್ನು ಹಿಡಿದು ಗಿಡ್ಡ ಮಾಡಿದರೆ ಮೇಲಿನ ಚರ್ಮ ಆ ಒಂದು ಜಾಗದಲ್ಲಿ ಒಳಕ್ಕೆ ಎಳೆಯಲ್ಪಡುತ್ತದೆ. ಆರಂಭದಲ್ಲಿ ಎಳೆ ಪೂರ್ತಿ ಬಿಗಿದಿರುವುದಿಲ್ಲ, ಕೈ ಇಳಿಬಿಟ್ಟು ನಿಂತಾಗ ಅದು ಸಡಿಲವಾಗಿಯೇ ಇರುತ್ತದೆ. ಕೈ ಎತ್ತಿದಾಗ ಇಡೀ ಸ್ತನ ಮೇಲೆ ಹೋಗಬೇಕು, ಸಿಕ್ಕಿಕೊಂಡ ಜಾಗ ಮಾತ್ರ ಹಿಂದೆ ಉಳಿಯುತ್ತದೆ. ಆಗಷ್ಟೇ ಗುಳಿ ಕಾಣುತ್ತದೆ. ಚಲಿಸುವಾಗ ಮಾತ್ರ ಕಾಣುವುದನ್ನು ಒಂದೇ ಭಂಗಿಯ ಚಿತ್ರದಲ್ಲಿ ಹುಡುಕಿದರೆ ತಪ್ಪಿಹೋಗುವುದು ಸಹಜ.

ಕ್ಯಾಮೆರಾದ ತೊಂದರೆ ಬೇರೆ. ಗುಳಿ ಎಂದರೆ ಕಣ್ಣಿಗೆ ಅದೊಂದು ನೆರಳು. ಎದುರಿನಿಂದ ಫ್ಲ್ಯಾಶ್ ಹಾಕಿದರೆ ನೆರಳು ಅಳಿಸಿಹೋಗುತ್ತದೆ. ಚರ್ಮ ನುಣುಪಾಗಿಸುವ ಫಿಲ್ಟರ್ ಕಿತ್ತಳೆ ಸಿಪ್ಪೆಯಂಥ ಸಣ್ಣ ರಂಧ್ರಗಳನ್ನೇ ತಿಂದುಹಾಕುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಫೋನನ್ನು ತೀರಾ ಹತ್ತಿರ ಹಿಡಿದರೆ ಆಕಾರ ಉಬ್ಬಿ, ಇಲ್ಲದ ವ್ಯತ್ಯಾಸ ಹುಟ್ಟಿಕೊಳ್ಳುತ್ತದೆ. ಬ್ರಾ ಪಟ್ಟಿಯ ಅಚ್ಚು ಕೂಡ ಗೆರೆಯಾಗಿ ಕಾಣಬಹುದು. ಹೆಚ್ಚಿನವರಿಗೆ ಹೊಳೆಯದ ಇನ್ನೊಂದು ಸಂಗತಿ ಇದೆ: ತಾವೇ ತೆಗೆದುಕೊಂಡ ಚಿತ್ರದಲ್ಲಿ ಒಂದು ಕೈ ಫೋನ್ ಹಿಡಿದಿರುತ್ತದೆ, ಆ ಕಡೆಯ ಭುಜ ಮೇಲೆದ್ದಿರುತ್ತದೆ. ಎರಡು ಸ್ತನಗಳನ್ನು ಹೋಲಿಸುವುದೇ ಪರೀಕ್ಷೆಯ ಜೀವಾಳ, ಅದು ಅಲ್ಲೇ ಕೆಟ್ಟಿತು. ಕನ್ನಡಿಯ ಪ್ರತಿಬಿಂಬದ ಚಿತ್ರವಾದರೆ ಎಡಬಲವೂ ಅದಲುಬದಲು. ಹಾಗಾಗಿ ಯಾವ ಕಡೆ ಎಂದು ಚಿತ್ರ ನೋಡಿ ನಾನು ಬರೆದುಕೊಳ್ಳುವುದಿಲ್ಲ, ಬಾಯಿಬಿಟ್ಟು ಕೇಳುತ್ತೇನೆ.

ಒಂದು ಉದಾಹರಣೆಯನ್ನು ಕೊನೆಯವರೆಗೆ ನೋಡೋಣ. ವಯಸ್ಸು 52, ಮುಟ್ಟು ನಿಂತಿದೆ. ಬಲ ಸ್ತನದ ಕೆಳಗಿನ ಹೊರಭಾಗದಲ್ಲಿ ಒಂದು ಮಸುಕು ನೆರಳು ಇರುವ ಫೋಟೊ. ನೋವಿಲ್ಲ, ಗಂಟು ಕೈಗೆ ಸಿಕ್ಕಿಲ್ಲ. ನಾನು ಮೊದಲು ಕೇಳುವುದು ಮೂರು ವಿಷಯ: ಇದು ಯಾವಾಗಿನಿಂದ, ಆ ಜಾಗಕ್ಕೆ ಪೆಟ್ಟು ಬಿದ್ದಿತ್ತೇ, ಅಲ್ಲಿ ಹಿಂದೆ ಶಸ್ತ್ರಚಿಕಿತ್ಸೆ, ಬಯಾಪ್ಸಿ ಅಥವಾ ವಿಕಿರಣ ಚಿಕಿತ್ಸೆ ಆಗಿತ್ತೇ. ಪೆಟ್ಟಿನಿಂದ ಕೊಬ್ಬು ಸತ್ತು ಗಟ್ಟಿಯಾದರೂ ಹೀಗೆಯೇ ಗುಳಿ ಬೀಳುತ್ತದೆ, ಹಳೆಯ ಗಾಯದ ಕಲೆಯೂ ಚರ್ಮವನ್ನು ಎಳೆಯುತ್ತದೆ. ಆದರೆ ‘ಹೌದು, ಪೆಟ್ಟು ಬಿದ್ದಿತ್ತು’ ಎಂಬ ಉತ್ತರ ಸಿಕ್ಕಿತೆಂದು ಪರೀಕ್ಷೆ ಅಲ್ಲಿಗೆ ನಿಲ್ಲುವುದಿಲ್ಲ. ಪೆಟ್ಟು ಬಿದ್ದ ಮೇಲೆ ಆ ಜಾಗವನ್ನು ಗಮನಿಸಿ ನೋಡಿ, ಮೊದಲೇ ಇದ್ದ ಗೆಡ್ಡೆಯನ್ನು ಅದರ ಲೆಕ್ಕಕ್ಕೆ ಹಾಕುವುದು ಬಹಳ ಸಾಮಾನ್ಯ.

ಪರೀಕ್ಷೆಯಲ್ಲಿ ಮುಟ್ಟುವುದಕ್ಕಿಂತ ಮುಂಚೆ ನೋಡುವುದು. ಸೊಂಟದವರೆಗೆ ಬಟ್ಟೆ ಸರಿಸಿ ಕೂತಿರಬೇಕು, ಬೆಳಕು ಓರೆಯಾಗಿ ಬೀಳಬೇಕು, ಜೊತೆಗೆ ಮಹಿಳಾ ಸಹಾಯಕರೊಬ್ಬರು ಇರಬೇಕು. ಭಂಗಿಗಳು ನಾಲ್ಕು. ಮೊದಲು ಕೈ ಇಳಿಬಿಟ್ಟು. ಆಮೇಲೆ ಎರಡೂ ಕೈ ನಿಧಾನವಾಗಿ ತಲೆಯ ಮೇಲಕ್ಕೆ. ಇಲ್ಲಿ ನಿಧಾನ ಮುಖ್ಯ, ಏಕೆಂದರೆ ಗುಳಿ ಕೆಲವೊಮ್ಮೆ ಕೈ ಅರ್ಧ ಎತ್ತಿದಾಗ ಮೂಡಿ, ಪೂರ್ತಿ ಎತ್ತಿದಾಗ ಮಾಯವಾಗುತ್ತದೆ. ಮೂರನೆಯದು ಸೊಂಟದ ಮೇಲೆ ಅಂಗೈ ಇಟ್ಟು ಬಲವಾಗಿ ಒತ್ತುವುದು. ಇದರಿಂದ ಎದೆಸ್ನಾಯು ಬಿಗಿಯುತ್ತದೆ, ಆ ಸ್ನಾಯುವಿಗೋ ಅದರ ಪೊರೆಗೋ ಅಂಟಿದ್ದೇನಾದರೂ ಇದ್ದರೆ ಎಳೆತ ಹೆಚ್ಚುತ್ತದೆ. ಕೊನೆಗೆ ಮುಂದಕ್ಕೆ ಬಾಗುವುದು. ದೊಡ್ಡ ಸ್ತನಗಳಲ್ಲಿ ಕೆಳಭಾಗದ ಗುಳಿಗೆ ಈ ಭಂಗಿ ಹೆಚ್ಚು ಉಪಯುಕ್ತ. ಸ್ತನವನ್ನು ಎತ್ತಿ ಅಡಿಯ ಮಡಿಕೆಯನ್ನೂ ನೋಡಬೇಕು.

ನಮ್ಮ ಉದಾಹರಣೆಯಲ್ಲಿ ಕೈ ಇಳಿಬಿಟ್ಟಾಗ ಏನೂ ಇಲ್ಲ. ಕೈ ಎತ್ತಿದಾಗ ಬಲ ಸ್ತನವನ್ನು ಗಡಿಯಾರವೆಂದುಕೊಂಡರೆ 8 ಗಂಟೆಯ ಜಾಗದಲ್ಲಿ, ತೊಟ್ಟಿನಿಂದ 4 ಸೆಂಟಿಮೀಟರ್ ದೂರಕ್ಕೆ, ಹೆಬ್ಬೆರಳ ತುದಿಯಷ್ಟು ಗುಳಿ. ಸೊಂಟ ಒತ್ತಿದಾಗ ಅದು ಇನ್ನೂ ಆಳ. ಗಂಟೆ ಮತ್ತು ದೂರ ಎರಡನ್ನೂ ಬರೆದಿಡುವುದು ಹವ್ಯಾಸಕ್ಕಲ್ಲ, ಸ್ಕ್ಯಾನ್ ಮಾಡುವವರು ಅದೇ ಜಾಗಕ್ಕೆ ಹೋಗಬೇಕು.

ಮುಟ್ಟಿ ನೋಡುವಾಗ ಮಲಗಿಸಿ, ಆ ಕಡೆಯ ಕೈಯನ್ನು ತಲೆಯ ಕೆಳಗೆ ಇಡಿಸುತ್ತೇನೆ. ಮೂರು ಬೆರಳುಗಳ ತುದಿಯಿಂದಲ್ಲ, ಮೆತ್ತನೆಯ ಭಾಗದಿಂದ, ಒಂದೊಂದು ಜಾಗದಲ್ಲೂ ಹಗುರ, ಮಧ್ಯಮ, ಆಳ ಎಂದು ಮೂರು ಒತ್ತಡ ಕೊಡುತ್ತಾ, ಕೊರಳೆಲುಬಿನಿಂದ ಅಡಿಯ ಮಡಿಕೆಯವರೆಗೆ ಉದ್ದಪಟ್ಟಿಗಳಲ್ಲಿ ಹೋಗುವುದು. ಇಲ್ಲಿ ಸ್ಪಷ್ಟ ಗಂಟು ಸಿಗಲಿಲ್ಲ, ಸುಮಾರು 2 ಸೆಂಟಿಮೀಟರಿನಷ್ಟು ಜಾಗ ಕೊಂಚ ದಪ್ಪ ಅನ್ನಿಸಿತು. ಅದರ ಮೇಲಿನ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಹತ್ತಿರ ತಂದರೆ ಗುಳಿ ಮತ್ತೆ ಮೂಡಿತು. ಇದು ಎಳೆತದ ಸ್ಪಷ್ಟ ಸುಳಿವು. ನಂತರ ಕಂಕುಳು ಮತ್ತು ಕೊರಳೆಲುಬಿನ ಮೇಲಿನ ಗುಂಡಿ, ಎರಡೂ ಕಡೆ.

ಮ್ಯಾಮೊಗ್ರಾಮ್‌ನಲ್ಲಿ ಎರಡೂ ಸ್ತನಗಳನ್ನು ಮೇಲಿನಿಂದ ಒಮ್ಮೆ, ಓರೆಯಾಗಿ ಒಮ್ಮೆ ತೆಗೆಯುತ್ತಾರೆ. ಗುಳಿಯ ಮೇಲೆ ಗುರುತಿನ ಬಿಂದು ಅಂಟಿಸಲು ಹೇಳಿರಬೇಕು. ವರದಿಯಲ್ಲಿ ಬಂದದ್ದು ‘ಸ್ತನ ದಟ್ಟವಾಗಿದೆ, ಗೆಡ್ಡೆ ಕಾಣುತ್ತಿಲ್ಲ’. ಇಲ್ಲಿಯೇ ಅನೇಕರ ಪ್ರಯಾಣ ನಿಂತುಬಿಡುತ್ತದೆ, ನಿಲ್ಲಬಾರದು. ಅದೇ ಜಾಗದ ಅಲ್ಟ್ರಾಸೌಂಡ್‌ನಲ್ಲಿ 14 ಮಿಲಿಮೀಟರಿನ, ಅಂಚು ಸರಿಯಿಲ್ಲದ, ಹಿಂದೆ ನೆರಳು ಬೀಳಿಸುವ ಕಪ್ಪು ಜಾಗ ಸಿಕ್ಕಿತು. 14 ಗೇಜ್ ಸೂಜಿಯಲ್ಲಿ, ಅರಿವಳಿಕೆ ಕೊಟ್ಟು, ಅಲ್ಟ್ರಾಸೌಂಡ್ ನೋಡಿಕೊಂಡೇ ನಾಲ್ಕು ತುಂಡು ತೆಗೆದರು. ಫಲಿತಾಂಶ ಲೋಬ್ಯುಲರ್ ಕ್ಯಾನ್ಸರ್. ಈ ಬಗೆಯ ಕ್ಯಾನ್ಸರಿನಲ್ಲಿ ಜೀವಕೋಶಗಳು ಒಂದರ ಹಿಂದೊಂದು ಸಾಲಾಗಿ ಅಂಗಾಂಶದ ನಡುವೆ ನುಸುಳುತ್ತವೆ, ಮುದ್ದೆ ಕಟ್ಟುವುದು ಕಡಿಮೆ. ಆದ್ದರಿಂದ ಕೈಗೆ ಗಂಟು ಸಿಗದೆ, ಮ್ಯಾಮೊಗ್ರಾಮ್‌ನಲ್ಲಿ ಕಾಣದೆ, ಚರ್ಮದ ಎಳೆತವಾಗಿ ಮಾತ್ರ ಅದು ಮುಖ ತೋರಿಸಬಹುದು. ನಿಜವಾದ ಹರವು ಅಲ್ಟ್ರಾಸೌಂಡ್ ತೋರಿಸಿದ್ದಕ್ಕಿಂತ ದೊಡ್ಡದಿರಬಹುದೆಂದು ಮುಂದೆ ಎಂಆರ್‌ಐ ಮಾಡಿಸುವುದೂ ಇದೇ ಕಾರಣಕ್ಕೆ.

ಬಯಾಪ್ಸಿಯಲ್ಲಿ ‘ಸಾಮಾನ್ಯ ಅಂಗಾಂಶ’ ಎಂದು ಬಂದಿದ್ದರೆ? ಗುಳಿಗೆ ಅದು ಉತ್ತರವಲ್ಲ. ಸಾಮಾನ್ಯ ಅಂಗಾಂಶ ಚರ್ಮವನ್ನು ಎಳೆಯುವುದಿಲ್ಲ. ಸೂಜಿ ಬೇರೆಡೆ ಹೋಗಿದೆ ಎಂದು ತಿಳಿದು ಮತ್ತೆ ತೆಗೆಸಬೇಕು. ಸತ್ತ ಕೊಬ್ಬು ಎಂದು ಬಂದು, ಚಿತ್ರವೂ ಅದನ್ನೇ ಹೇಳಿದರೆ ಮಾತ್ರ ಲೆಕ್ಕ ಕೂಡಿತು. ಕೈ, ಚಿತ್ರ, ಸೂಜಿ ಮೂರೂ ಒಂದೇ ಮಾತು ಹೇಳುವವರೆಗೆ ನಾನು ಕಡತ ಮುಚ್ಚುವುದಿಲ್ಲ.

ಕಿತ್ತಳೆ ಸಿಪ್ಪೆಯ ವಿಷಯವೇ ಬೇರೆ, ಫೋಟೊ ಕಳಿಸುವವರು ಇದನ್ನೂ ‘ಗುಳಿ’ ಎಂದೇ ಬರೆಯುತ್ತಾರೆ. ಹಾಸಿಗೆಯ ಹೋಲಿಕೆಯಲ್ಲೇ ಹೇಳುವುದಾದರೆ, ಹಿಂದಿನದರಲ್ಲಿ ದಾರ ಬಿಗಿದದ್ದು, ಇದರಲ್ಲಿ ಹತ್ತಿ ಉಬ್ಬಿದ್ದು. ಚರ್ಮದ ಒಳಗಿನ ದುಗ್ಧರಸ ನಾಳಗಳು ಕಟ್ಟಿಕೊಂಡು ಚರ್ಮ ಬಾತುಕೊಳ್ಳುತ್ತದೆ, ಕೂದಲಿನ ಬುಡ ಮತ್ತು ಬೆವರಿನ ರಂಧ್ರಗಳು ಮಾತ್ರ ಕೆಳಗೆ ಹಿಡಿದಿಟ್ಟಂತೆ ಉಳಿದು ಸಣ್ಣ ಸಣ್ಣ ಚುಕ್ಕೆಗಳಾಗುತ್ತವೆ. ಕ್ಯಾನ್ಸರಿನ ಹಂತ ಲೆಕ್ಕ ಹಾಕುವಾಗಲೂ ಈ ವ್ಯತ್ಯಾಸ ದೊಡ್ಡದು: ಬರೀ ಗುಳಿಯಿಂದಲೋ ತೊಟ್ಟು ಒಳಗೆ ಎಳೆದಿದ್ದರಿಂದಲೋ ಗೆಡ್ಡೆಯ ವರ್ಗ ಮೇಲೇರುವುದಿಲ್ಲ. ಗೆಡ್ಡೆಯಿಂದ ಆದ ಕಿತ್ತಳೆ ಸಿಪ್ಪೆಯ ಊತವಾದರೆ ಅದು ನೇರ T4, ಅಂದರೆ ಗೆಡ್ಡೆಯ ವರ್ಗಗಳಲ್ಲಿ ಅತಿ ಮೇಲಿನದು.

ಅತಿ ಅವಸರದ್ದು ಉರಿಯೂತದ ರೂಪದ ಕ್ಯಾನ್ಸರ್. ವಾರಗಳಲ್ಲೇ ಸ್ತನ ದಪ್ಪವಾಗಿ, ಬಿಸಿಯಾಗಿ, ಮೂರನೇ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ಚರ್ಮ ಕೆಂಪಾಗಿ ಊದಿಕೊಳ್ಳುತ್ತದೆ, ಗಂಟು ಇಲ್ಲದಿರಬಹುದು. ಕಪ್ಪು ಮೈಬಣ್ಣದಲ್ಲಿ ಆ ಕೆಂಪು ಕೆಂಪಾಗಿ ಕಾಣುವುದಿಲ್ಲ, ಕಂದು ಅಥವಾ ನೇರಳೆ ಛಾಯೆ, ಬಿಗಿದ ಹೊಳಪು ಅಷ್ಟೇ. ಫೋಟೊದಲ್ಲಿ ಅದೂ ಕಾಣದಿರಬಹುದು. ಇನ್ನೊಂದು ಸ್ತನದ ಚರ್ಮವನ್ನು ಹಿಡಿದು ದಪ್ಪ ಹೋಲಿಸಿದಾಗ ಬೆರಳಿಗೆ ತಿಳಿಯುತ್ತದೆ. ಹಾಲೂಡಿಸುವವರಲ್ಲಿ ಇದೇ ಚಿತ್ರ ಸೋಂಕಿನಿಂದಲೂ ಬರುತ್ತದೆ, ಅದೇ ಹೆಚ್ಚು ಸಾಮಾನ್ಯ ಕೂಡ. ಆಂಟಿಬಯೋಟಿಕ್ ಕೊಡುವುದು ಸರಿ, ಆದರೆ ಮರುಭೇಟಿಯ ದಿನವನ್ನು ಅಂದೇ ಗೊತ್ತುಮಾಡುತ್ತೇನೆ. ಒಂದೆರಡು ವಾರದಲ್ಲಿ ಪೂರ್ತಿ ಇಳಿಯದಿದ್ದರೆ ಎರಡನೇ ಆಂಟಿಬಯೋಟಿಕ್ ಬರೆದು ಕಾಯುವುದಲ್ಲ, ಸ್ಕ್ಯಾನ್ ಮತ್ತು ಬಯಾಪ್ಸಿ. ಜೊತೆಗೆ ಚರ್ಮದ ಸಣ್ಣ ತುಂಡನ್ನು ಕೊರೆದು ತೆಗೆಯುತ್ತಾರೆ, ಸಾಮಾನ್ಯವಾಗಿ ಎರಡು ಕಡೆ. ಚರ್ಮದ ತುಂಡಿನಲ್ಲಿ ಏನೂ ಸಿಗದಿದ್ದರೂ ಕಾಯಿಲೆ ಇಲ್ಲವೆಂದಲ್ಲ. ವಿಕಿರಣ ಚಿಕಿತ್ಸೆಯ ನಂತರವೂ ಚರ್ಮ ಹೀಗಾಗುತ್ತದೆ, ಹೃದಯ ವೈಫಲ್ಯದಲ್ಲಿ ಎರಡೂ ಸ್ತನ ಊದಿಕೊಳ್ಳುವುದುಂಟು. ಇವೂ ಪರೀಕ್ಷೆ ಮಾಡಿದ ಮೇಲೆ ಹೇಳುವ ಮಾತು.

ತೊಟ್ಟಿನ ಬಗ್ಗೆ ಎರಡು ಮಾತು. ತೊಟ್ಟಿನ ಮೇಲೆ ಹುರುಪೆ, ಕಜ್ಜಿಯಂತೆ ಕಂಡರೆ ಅದು ಎಲ್ಲಿ ಶುರುವಾಯಿತು ಎಂದು ಕೇಳುತ್ತೇನೆ. ಎಕ್ಸಿಮಾ ಬಹುಪಾಲು ಸುತ್ತಲಿನ ಕಪ್ಪು ವೃತ್ತದಲ್ಲಿ ಶುರುವಾಗುತ್ತದೆ, ಎರಡೂ ಕಡೆ ಇರುವುದೂ ಹೆಚ್ಚು. ಪ್ಯಾಜೆಟ್ ಕಾಯಿಲೆ ಎಂಬ ತೊಟ್ಟಿನ ಕ್ಯಾನ್ಸರ್ ತೊಟ್ಟಿನಲ್ಲೇ ಶುರುವಾಗಿ ಹೊರಕ್ಕೆ ಹರಡುತ್ತದೆ, ಸಾಧಾರಣವಾಗಿ ಒಂದೇ ಕಡೆ. ಸ್ಟಿರಾಯ್ಡ್ ಮುಲಾಮಿಗೆ ಪ್ಯಾಜೆಟ್ ಕೂಡ ಸ್ವಲ್ಪ ತಣ್ಣಗಾಗುವುದರಿಂದ ‘ಮುಲಾಮಿಗೆ ಕಡಿಮೆಯಾಯಿತು’ ಎಂಬುದು ಸಾಕ್ಷಿಯಲ್ಲ. ಒಂದೇ ರಂಧ್ರದಿಂದ ತಾನಾಗಿ ಒಸರುವ ರಕ್ತವೂ ಅಷ್ಟೇ, ಬಿಡುವಂಥದ್ದಲ್ಲ.

ತೊಟ್ಟು ಒಳಗೆ ಹೋಗಿರುವುದಾದರೆ ಹೊಸದೇ ಹಳೆಯದೇ ಎಂಬುದೇ ಮೊದಲ ಪ್ರಶ್ನೆ. ಬೆಳೆಯುವ ವಯಸ್ಸಿನಿಂದಲೇ ಎರಡೂ ಕಡೆ ಹಾಗಿದ್ದು, ಬೆರಳಿನಿಂದ ಹೊರಗೆ ಬರುವುದಾದರೆ ಚಿಂತೆ ಕಡಿಮೆ. ಒಂದೇ ಕಡೆ, ಕೆಲವು ತಿಂಗಳಿಂದ, ಎಳೆದರೂ ಬಾರದಿದ್ದರೆ ಮೇಲಿನ ಕ್ರಮವೇ ಇದಕ್ಕೂ. ನೆನಪು ಇಲ್ಲಿ ಕೈಕೊಡುತ್ತದೆ, ‘ಮೊದಲಿಂದಲೂ ಹೀಗೇ ಇತ್ತೇನೋ’ ಎನ್ನುತ್ತಾರೆ. ಫೋಟೊ ನಿಜಕ್ಕೂ ಉಪಯೋಗಕ್ಕೆ ಬರುವುದು ಈ ಹೊತ್ತಿಗೆ: ಆರು ತಿಂಗಳ ಹಿಂದೆ ತೆಗೆದದ್ದು ಫೋನಿನಲ್ಲಿ ಉಳಿದಿದ್ದರೆ, ದಿನಾಂಕದ ಸಮೇತ ಅದನ್ನು ತನ್ನಿ ಎಂದು ನಾನೇ ಕೇಳುತ್ತೇನೆ.