ಮದುವೆ ಕರೆಯೋಲೆಯ ವೆಬ್‌ಸೈಟ್: ತಲೆ ಲೆಕ್ಕ ತಪ್ಪದಂತೆ ಮಾಡುವುದು ಹೇಗೆ?

ಮದುವೆಯ ವೆಬ್‌ಸೈಟ್ ಅಂದರೆ ಚೆಂದದ ಫೋಟೊ, ಹಿನ್ನೆಲೆಯಲ್ಲಿ ಸಂಗೀತ ಅಂತ ಹಲವರ ಎಣಿಕೆ. ಅವಿಲ್ಲದಿದ್ದರೂ ನಡೆಯುತ್ತದೆ. ಕಾರ್ಯಕ್ರಮದ ವೇಳೆ, ಜಾಗದ ನಕ್ಷೆ, ಬರುವವರ ಉತ್ತರ ಪಡೆಯುವ ಫಾರ್ಮ್, ಈ ಮೂರು ಸರಿಯಿದ್ದರೆ ಸಾಕು. ಹಣ ಕೊಡದೆ, ಕೋಡ್ ಬರೆಯದೆ ಗೂಗಲ್ ಸೈಟ್ಸ್‌ನಲ್ಲಿ ಒಂದೇ ಪುಟದಲ್ಲಿ ಇದನ್ನು ಮಾಡಿಕೊಳ್ಳಬಹುದು.

ಮೊದಲು sites.google.com ತೆರೆದು ಖಾಲಿ ಪುಟ ಆರಿಸಿ. ವೇಳಾಪಟ್ಟಿಯನ್ನು ಚಿತ್ರವಾಗಿ ಹಾಕಬೇಡಿ, ಅಕ್ಷರದಲ್ಲೇ ಟೈಪ್ ಮಾಡಿ. ಚಿತ್ರದೊಳಗಿನ ಅಕ್ಷರ ಫೋನಿನ ಪರದೆಯಲ್ಲಿ ಚಿಕ್ಕದಾಗುತ್ತದೆ, ಅದರಿಂದ ವಿಳಾಸ ಕಾಪಿ ಮಾಡಿಕೊಳ್ಳಲೂ ಬರುವುದಿಲ್ಲ. ತಾರೀಖಿನ ಜೊತೆ ವಾರ, ಹೊತ್ತಿನ ಜೊತೆ ‘ಬೆಳಿಗ್ಗೆ’ ಅಥವಾ ‘ಸಂಜೆ’ ಇರಲಿ.

ನಕ್ಷೆಯಲ್ಲಿ ಆಗುವ ದೊಡ್ಡ ತಪ್ಪು, ಸಭಾಂಗಣದ ಹೆಸರು ಹುಡುಕಿ ಸಿಕ್ಕ ಗುರುತನ್ನೇ ಹಾಕುವುದು. ಆ ಗುರುತು ಎಷ್ಟೋ ಸಲ ಕಟ್ಟಡದ ನಡುವೆ ಇರುತ್ತದೆ, ಗೇಟು ಹಿಂದಿನ ರಸ್ತೆಯಲ್ಲಿರುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಗೇಟಿನ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಎರಡು ಸಂಖ್ಯೆ ಸಿಗುತ್ತವೆ, ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಅವನ್ನು ಅದೇ ಕ್ರಮದಲ್ಲಿ ಹೀಗೆ ಜೋಡಿಸಿ:

```
https://www.google.com/maps/dir/?api=1&destination=ಅಕ್ಷಾಂಶ,ರೇಖಾಂಶ
```

ಈ ಕೊಂಡಿಯನ್ನು ‘ದಾರಿ ತೋರಿಸು’ ಎಂಬ ಬಟನ್‌ಗೆ ಕೊಡಿ. ಒತ್ತಿದವರಿಗೆ ತಾವಿರುವ ಜಾಗದಿಂದ ಗೇಟಿನವರೆಗಿನ ದಾರಿ ತೆರೆದುಕೊಳ್ಳುತ್ತದೆ. ಪುಟದೊಳಗೆ ನಕ್ಷೆಯ ಚೌಕವೂ ಇದ್ದರೆ ನೋಡಲು ಚೆನ್ನ, ಆದರೆ ಕೆಲಸಕ್ಕೆ ಬರುವುದು ಬಟನ್ನೇ.

ಇನ್ನು ಫಾರ್ಮ್. ‘ಬರುತ್ತೀರಾ? ಹೌದು / ಇಲ್ಲ’ ಎಂದಷ್ಟೇ ಕೇಳಿದರೆ ಪ್ರಯೋಜನವಿಲ್ಲ. ಒಂದು ‘ಹೌದು’ ಒಬ್ಬರೂ ಆಗಬಹುದು, ಆರು ಜನವೂ ಆಗಬಹುದು. ಬೆಳಿಗ್ಗೆ ಮದುವೆಗೆ ಬಂದವರೆಲ್ಲ ಸಂಜೆಯ ಆರತಕ್ಷತೆಗೆ ಉಳಿಯುತ್ತಾರೆ ಎಂದೇನೂ ಇಲ್ಲ. ಗೂಗಲ್ ಫಾರ್ಮ್ಸ್‌ನಲ್ಲಿ ನಾಲ್ಕೇ ಪ್ರಶ್ನೆ ಇಡಿ, ಇದೇ ಕ್ರಮದಲ್ಲಿ: ಹೆಸರು, ಫೋನ್ ಸಂಖ್ಯೆ, ಮದುವೆಗೆ ಎಷ್ಟು ಜನ, ಆರತಕ್ಷತೆಗೆ ಎಷ್ಟು ಜನ. ಕೊನೆಯ ಎರಡಕ್ಕೆ Dropdown ಆರಿಸಿ 0ಯಿಂದ 8ರವರೆಗೆ ಅಂಕಿ ಕೊಡಿ. ಟೈಪ್ ಮಾಡಲು ಬಿಟ್ಟರೆ ‘ನಾವಿಬ್ಬರು, ಮಗು’ ಎಂದು ಬರೆಯುತ್ತಾರೆ, ಅದನ್ನು ಕೂಡಿಸಲಾಗದು. 0 ಇರಲೇಬೇಕು. ಬರಲಾಗದವರ ಉತ್ತರವೂ ಉತ್ತರವೇ, ಅವರಿಗೆ ಮತ್ತೆ ಫೋನ್ ಮಾಡುವುದು ತಪ್ಪುತ್ತದೆ.

Limit to 1 response ಆನ್ ಮಾಡಬೇಡಿ. ಮಾಡಿದರೆ ಫಾರ್ಮ್ ತುಂಬಲು ಗೂಗಲ್ ಖಾತೆಗೆ ಲಾಗಿನ್ ಆಗಬೇಕಾಗುತ್ತದೆ, ಹಿರಿಯರು ಅಲ್ಲೇ ಕೈಬಿಡುತ್ತಾರೆ. ಅದನ್ನು ಆಫ್ ಇಟ್ಟರೆ ಒಂದೇ ಮನೆಯಿಂದ ಎರಡು ಉತ್ತರ ಬರುವುದುಂಟು. ಉದಾಹರಣೆಗೆ ಒಂದು ಕುಟುಂಬ ಮೊದಲು ಮದುವೆಗೆ 4, ಆರತಕ್ಷತೆಗೆ 4 ಎಂದು ತುಂಬುತ್ತದೆ. ವಾರದ ಬಳಿಕ ಮಕ್ಕಳ ಪರೀಕ್ಷೆ ನೆನಪಾಗಿ 4, 2 ಎಂದು ಮತ್ತೆ ತುಂಬುತ್ತದೆ. ಸುಮ್ಮನೆ ಕೂಡಿಸಿದರೆ 8 ಮತ್ತು 6, ನಿಜಕ್ಕೂ ಬರುವವರು 4 ಮತ್ತು 2. ಇಂಥ ಹತ್ತು ಮನೆಗಳಿದ್ದರೆ ಊಟದ ಲೆಕ್ಕವೇ ಏರುಪೇರು.

ಇದಕ್ಕೆ ಪರಿಹಾರ ಫೋನ್ ಸಂಖ್ಯೆ. ಫಾರ್ಮ್‌ನ Responses ಭಾಗದಿಂದ ಉತ್ತರಗಳನ್ನು ಗೂಗಲ್ ಶೀಟ್‌ಗೆ ಜೋಡಿಸಿ, ಅದರಲ್ಲಿ ಹೊಸ ಹಾಳೆಯೊಂದನ್ನು ಸೇರಿಸಿ, A2 ಸೆಲ್‌ನಲ್ಲಿ ಇದನ್ನು ಹಾಕಿ:

```
=SORTN(SORT('Form Responses 1'!A2:E,1,FALSE),9^9,2,3,TRUE)
```

ಇದು ಉತ್ತರಗಳನ್ನು ಹೊಸತು ಮೇಲೆ ಬರುವಂತೆ ಜೋಡಿಸಿ, ಒಂದು ಫೋನ್ ಸಂಖ್ಯೆಗೆ ಕೊನೆಯ ಉತ್ತರವೊಂದನ್ನೇ ಉಳಿಸುತ್ತದೆ. ನಿಮ್ಮ ಉತ್ತರದ ಹಾಳೆಗೆ ಬೇರೆ ಹೆಸರಿದ್ದರೆ ಸೂತ್ರದಲ್ಲೂ ಅದನ್ನೇ ಬರೆಯಿರಿ. ಅದೇ ಹಾಳೆಯಲ್ಲಿ A–E ಕಾಲಮ್‌ಗಳ ಹೊರಗಿನ ಸೆಲ್‌ನಲ್ಲಿ =SUM(D2:D) ಹಾಕಿದರೆ ಮದುವೆಯ ಸಂಖ್ಯೆ, =SUM(E2:E) ಹಾಕಿದರೆ ಆರತಕ್ಷತೆಯ ಸಂಖ್ಯೆ. ಗಂಡ ತನ್ನ ಸಂಖ್ಯೆಯಿಂದಲೂ ಹೆಂಡತಿ ತನ್ನದರಿಂದಲೂ ತುಂಬಿದರೆ ಸೂತ್ರ ಹಿಡಿಯಲಾರದು. ಹಾಗಾಗಿ ಹೆಸರಿನ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಲೇಬೇಕು. ‘ಮನೆಗೊಬ್ಬರು ತುಂಬಿದರೆ ಸಾಕು’ ಎಂಬ ಸಾಲು ಫಾರ್ಮ್‌ನ ತಲೆಯಲ್ಲಿದ್ದರೆ ಈ ಕಾಟ ಕಡಿಮೆ.

ಫಾರ್ಮ್ ಅನ್ನು ಸೈಟ್‌ಗೆ ಸೇರಿಸಿ ಪ್ರಕಟಿಸುವಾಗ ಎರಡು ಸಂಗತಿ ನೋಡಿ. ಫಾರ್ಮ್‌ನ View results summary ಆಫ್ ಆಗಿರಲಿ, ಇಲ್ಲದಿದ್ದರೆ ಎಲ್ಲರ ಫೋನ್ ಸಂಖ್ಯೆ ಎಲ್ಲರಿಗೂ ಕಾಣಬಹುದು. ಕಚೇರಿಯ ಖಾತೆಯಲ್ಲಿ ಮಾಡಿದ ಫಾರ್ಮ್ ಹೊರಗಿನವರಿಗೆ ತೆರೆಯದೇ ಇರಬಹುದು, ಆದ್ದರಿಂದ ಸ್ವಂತ ಖಾತೆಯನ್ನೇ ಬಳಸಿ. ಆಮೇಲೆ ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಪುಟ ತೆರೆದು ನೀವೇ ಒಂದು ಉತ್ತರ ತುಂಬಿ. ಲಾಗಿನ್ ಕೇಳದೆ ಅದು ಶೀಟ್‌ಗೆ ಬಂದು ಬಿದ್ದರೆ ಆ ಸಾಲನ್ನು ಅಳಿಸಿ, ಕೊಂಡಿಯನ್ನು ನೆಂಟರಿಗೆ ಕಳಿಸಿ.