ಐಟಿಐ ಮಾಡದ ಎಸಿ ಮೆಕ್ಯಾನಿಕ್ ತನ್ನ ಕೆಲಸಕ್ಕೆ ಸಾಕ್ಷಿ ಇಟ್ಕೊಳೋದು ಹೇಗೆ?

ಯಾರದೋ ಜೊತೆ ಹೆಲ್ಪರ್ ಆಗಿ ಹೋಗಿ ಎಸಿ ರಿಪೇರಿ ಕಲ್ತವ್ರು ನಮ್ಮಲ್ಲಿ ಬೇಕಾದಷ್ಟು ಜನ ಇದಾರೆ. ಕೈಯಲ್ಲಿ ಕೆಲಸ ಇದೆ, ಸರ್ಟಿಫಿಕೇಟ್ ಇಲ್ಲ. ಸರ್ವಿಸ್ ಸೆಂಟರಲ್ಲಿ ಕೆಲಸ ಕೇಳೋಕೆ ಹೋದಾಗ "ಏನೇನ್ ಬರುತ್ತೆ" ಅಂದ್ರೆ "ಎಲ್ಲಾ ಬರುತ್ತೆ ಸಾರ್" ಅಂತಾರೆ, ಆದ್ರೆ ಕೇಳಿದವ್ರಿಗೆ ಅದನ್ನ ನಂಬೋಕೆ ಏನೂ ಸಿಗಲ್ಲ. ಅದಕ್ಕೇ ಮಾಡಿದ ಕೆಲಸನ ರೀಡಿಂಗ್ ಸಮೇತ ಬರೆದಿಡೋ ಒಂದು ಪುಸ್ತಕ ಬೇಕು.

ದುಡ್ಡಿನ ಲೆಕ್ಕದ ಪುಸ್ತಕ ಬೇರೆ, ಇದು ಬೇರೆ, ಎರಡನ್ನೂ ಸೇರಿಸ್ಬೇಡಿ. ಒಂದು ಉದ್ದ ನೋಟ್‌ಬುಕ್ ಅಥವಾ ಫೋನಲ್ಲಿ ಒಂದು ಶೀಟ್ ಸಾಕು. ದಿನಾ ಮಾಡೋ ಫಿಲ್ಟರ್ ಕ್ಲೀನಿಂಗ್, ವಾಟರ್ ಸರ್ವಿಸ್ ಎಲ್ಲಾ ಬರೀತಾ ಕೂತ್ರೆ ವಾರದೊಳಗೆ ಬೇಜಾರಾಗಿ ಬಿಟ್ಬಿಡ್ತೀರಿ, ಅವುಗಳದ್ದು ತಿಂಗಳಿಗೆ ಒಟ್ಟು ಎಷ್ಟು ಅಂತ ಒಂದು ಸಾಲು ಹಾಕಿ. ತಲೆ ಓಡಿಸಿ ಮಾಡಿದ ಕೆಲಸಕ್ಕೆ ಮಾತ್ರ ಪೂರ್ತಿ ಪುಟ ಕೊಡಿ, ಅದೂ ಅವತ್ತೇ ರಾತ್ರಿಯೊಳಗೆ, ಯಾಕಂದ್ರೆ ಎರಡು ದಿನ ಬಿಟ್ರೆ ರೀಡಿಂಗ್ ಎಷ್ಟಿತ್ತು ಅನ್ನೋದು ಮರ್ತೇ ಹೋಗುತ್ತೆ.

ಒಂದು ಉದಾಹರಣೆ ತಗೊಳಣ. ಒಂದು ಮನೇಲಿ ಒಂದೂವರೆ ಟನ್ ಸ್ಪ್ಲಿಟ್ ಎಸಿ, ಇನ್ವರ್ಟರ್ ಅಲ್ಲ, ಆರ್-32 ಗ್ಯಾಸ್, ಪ್ರತಿ ಬೇಸಿಗೆ ಗ್ಯಾಸ್ ತುಂಬಿಸ್ತಾನೇ ಇದಾರೆ. "ಗ್ಯಾಸ್ ಲೀಕ್ ಇತ್ತು, ಸರಿ ಮಾಡ್ದೆ" ಅಂತ ಬರೆದ್ರೆ ಅದು ಯಾರು ಬೇಕಾದ್ರೂ ಬರೀಬಹುದಾದ ಮಾತು. ಹೋದಾಗ ಹೇಗಿತ್ತು ಅನ್ನೋದ್ರಿಂದ ಶುರು ಮಾಡಿ: ಒಳಗೆ ಹೋಗೋ ಗಾಳಿ 29 ಡಿಗ್ರಿ, ಬರೋ ಗಾಳಿ 24, ಕ್ಲಾಂಪ್ ಮೀಟರಲ್ಲಿ 4.2 ಆಂಪ್ಸ್. ಆಮೇಲೆ ಏನು ಅನುಮಾನ ಬಂತು, ಯಾಕೆ ಬಂತು ಅಂತ ಬರೀರಿ: ಕರೆಂಟ್ ಕಮ್ಮಿ ಎಳೀತಿದೆ, ಔಟ್‌ಡೋರ್ ಸಣ್ಣ ಪೈಪಿನ ಫ್ಲೇರ್ ನಟ್ ಹತ್ರ ಎಣ್ಣೆ ಜಿಡ್ಡು ಇದೆ, ಅಂದ್ರೆ ಲೀಕ್ ಅಲ್ಲೇ ಇರ್ಬೇಕು. ಸೋಪಿನ ನೀರು ಹಾಕಿದಾಗ ಗುಳ್ಳೆ ಬಂತು, ಫ್ಲೇರ್ ಅಂಚು ಸೀಳಿತ್ತು. ಪುಟದಲ್ಲಿ ಎಲ್ಲಕ್ಕಿಂತ ಬೆಲೆ ಇರೋದು ಈ ನಾಲ್ಕು ಸಾಲಿಗೇನೇ, ಕೆಲಸ ಗೊತ್ತಿರೋರು ಓದಿದ ತಕ್ಷಣ ಇವನಿಗೆ ಯೋಚನೆ ಮಾಡೋಕೆ ಬರುತ್ತೆ ಅಂತ ಕಂಡ್ಹಿಡೀತಾರೆ.

ಮುಂದೆ ಮಾಡಿದ್ದು: ಉಳಿದ ಗ್ಯಾಸ್ ರಿಕವರಿ, ಹೊಸ ಫ್ಲೇರ್, ನೈಟ್ರೋಜನ್ 350 ಪಿಎಸ್‌ಐ ಹಾಕಿ ಒಂದು ಗಂಟೆ ಬಿಟ್ಟಿದ್ದು. ಇಲ್ಲಿ ಹೊರಗಿನ ಟೆಂಪರೇಚರ್ ಕೂಡ ಬರೀಬೇಕು, ಯಾಕಂದ್ರೆ ಮೂರು ಡಿಗ್ರಿ ತಂಪಾದ್ರೆ ಲೀಕ್ ಇಲ್ದಿದ್ರೂ ಮೂರ್ನಾಲ್ಕು ಪಿಎಸ್‌ಐ ಇಳಿಯುತ್ತೆ, ಅದನ್ನ ಬರೆದಿಲ್ಲ ಅಂದ್ರೆ ನೋಡೋರು ಲೀಕ್ ಉಳ್ಕೊಂಡಿದೆ ಅಂದ್ಕೋತಾರೆ. ಆಮೇಲೆ ವ್ಯಾಕ್ಯೂಮ್ 500 ಮೈಕ್ರಾನ್‌ಗಿಂತ ಕೆಳಗೆ ಬಂದಿದ್ದು, ಪಂಪ್ ಆಫ್ ಮಾಡಿದ್ಮೇಲೂ ಅಲ್ಲೇ ನಿಂತಿದ್ದು. ಗ್ಯಾಸ್ ತೂಕ ಹಾಕಿ ತುಂಬಿದ್ದು, ನೇಮ್‌ಪ್ಲೇಟಲ್ಲಿ ಎಷ್ಟಿದೆಯೋ ಅಷ್ಟೇ. ಕೊನೆಗೆ ಒಳಗೆ ಹೋಗೋ ಗಾಳಿ 28 ಡಿಗ್ರಿ, ಬರೋ ಗಾಳಿ 15, 7.1 ಆಂಪ್ಸ್.

ಫೋಟೋ ಸಿಕ್ಕಾಪಟ್ಟೆ ಬೇಡ, ನೇಮ್‌ಪ್ಲೇಟ್, ಸೀಳಿದ ಫ್ಲೇರ್, ಗೇಜ್, ತೂಕದ ಮಷೀನ್ ಇಷ್ಟು ಸಾಕು. ಗೇಜ್ ಫೋಟೋದಲ್ಲಿ ಆ ಔಟ್‌ಡೋರ್ ಯೂನಿಟ್ಟೂ ಕಾಣ್ಬೇಕು, ಬರೀ ಗೇಜ್ ಕ್ಲೋಸಪ್ ಎಲ್ಲಿ ಬೇಕಾದ್ರೂ ತೆಗೀಬಹುದು. ವಾಟ್ಸಾಪಲ್ಲಿ ಮಾಮೂಲಿ ಫೋಟೋ ಥರ ಕಳಿಸಿದ ಕಾಪಿನ ನಂಬ್ಕೊಂಡು ಒರಿಜಿನಲ್ ಡಿಲೀಟ್ ಮಾಡ್ಬೇಡಿ, ಅದ್ರಲ್ಲಿ ಫೋಟೋ ತೆಗೆದ ಡೇಟು ಟೈಮಿನ ಮಾಹಿತಿ ಅಳಿಸಿ ಹೋಗುತ್ತೆ, ಕ್ವಾಲಿಟಿನೂ ಇಳಿಯುತ್ತೆ. ಮನೆಯವ್ರನ್ನ ಒಂದು ಮಾತು ಕೇಳಿ, ಮನೆ ನಂಬರ್ರು, ಜನ ಯಾರೂ ಫ್ರೇಮಲ್ಲಿ ಬರದ ಹಾಗೆ ನೋಡ್ಕೊಳ್ಳಿ.

ಇನ್ನು ಪುಟ ಅವತ್ತಿಗೇ ಮುಗಿಯಲ್ಲ. ಕೆಳಗೆ ಎರಡು ಸಾಲು ಖಾಲಿ ಬಿಡಿ, ಮುಂದಿನ ಬೇಸಿಗೇಲಿ ಫೋನ್ ಮಾಡಿ "ಮೇಡಂ, ಎಸಿ ಕೂಲಿಂಗ್ ಹೇಗಿದೆ, ಮತ್ತೆ ಗ್ಯಾಸ್ ಹಾಕಿಸಿದ್ರಾ" ಅಂತ ಕೇಳಿ, ಅವ್ರು ಹೇಳಿದ್ದನ್ನ ಡೇಟ್ ಹಾಕಿ ಬರೀರಿ, ಸಾಧ್ಯ ಆದ್ರೆ ಅದನ್ನೇ ಒಂದು ಮೆಸೇಜಲ್ಲಿ ಕಳಿಸೋಕೆ ಹೇಳಿ. ಲೀಕ್ ಕೆಲಸಕ್ಕೆ ನಿಜವಾದ ಪರೀಕ್ಷೆ ಅದೇ. ಮತ್ತೆ ಲೀಕ್ ಆಗಿದ್ರೆ ಅದನ್ನೂ ಬರೀರಿ, ಎರಡನೇ ಸಲ ಹೋಗಿ ಏನು ಸಿಕ್ತು ಅನ್ನೋದು ಸಮೇತ. ಎಲ್ಲಾ ಪುಟದಲ್ಲೂ ಗೆಲುವೇ ಇರೋ ಪುಸ್ತಕ ನೋಡಿದ್ರೆ ಹಳೇ ಮೆಕ್ಯಾನಿಕ್‌ಗಳಿಗೆ ಅನುಮಾನ ಬರುತ್ತೆ.

ಕೆಲಸ ಕೇಳೋಕೆ ಹೋಗುವಾಗ ಪೂರ್ತಿ ಪುಸ್ತಕ ಮುಂದಿಡ್ಬೇಡಿ. ಲೀಕ್ ಹುಡುಕಿದ್ದು ಒಂದು, ಪಿಸಿಬಿ ಫಾಲ್ಟ್ ಒಂದು, ಹೊಸ ಇನ್‌ಸ್ಟಾಲೇಷನ್ ಒಂದು, ಹೀಗೆ ಬೇರೆ ಬೇರೆ ಥರದ್ದು ಮೂರ್ನಾಲ್ಕು ಪುಟ ತಗೊಂಡ್ಹೋಗಿ, ಪ್ರಶ್ನೆ ಕೇಳಿದ್ರೆ ಪುಟ ನೋಡದೇನೇ ಹೇಳೋಕೆ ಬರ್ಬೇಕು. ಕೇಂದ್ರ ಸರ್ಕಾರದ ಕೌಶಲ ಯೋಜನೇಲಿ ಆರ್‌ಪಿಎಲ್ ಅಂತ ಇದೆ, ಹೊರಗೆ ಕಲಿತ ಕೆಲಸನ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡ್ತಾರೆ. ಅಲ್ಲಿ ಪುಸ್ತಕ ನೋಡಿ ಪಾಸ್ ಮಾಡಲ್ಲ, ಅಸೆಸರ್ ಮುಂದೆ ಪರೀಕ್ಷೆ ಕೊಡ್ಲೇಬೇಕು, ಆದ್ರೆ ನಿಮ್ಮ ಪುಟಗಳನ್ನ ತಿರುವಿ ಹಾಕಿದ್ರೆ ಯಾವ ಥರದ ಕೆಲಸ ಒಂದು ಸಲಾನೂ ಮಾಡಿಲ್ಲ ಅನ್ನೋದು ಹೋಗೋಕೆ ಮುಂಚೇನೇ ಕಾಣುತ್ತೆ.